ಮಲ್ಲಿಗೆ ಕಟ್ಟುವ ಕೈಗಳ ಲೇಖನ

ಮಣಿಪಾಲದಲ್ಲಿ ಫಿಸಿಯೋಥೆರಪಿ ಪಾಠ ಮಾಡುವುದು ನನ್ನ ಹೊಟ್ಟೆಪಾಡು. ಸಂಶೋಧನಾ ಪತ್ರಿಕೆಯೊಂದಕ್ಕೆ ವಿಭಾಗ ಸಂಪಾದಕಿಯಾಗಿರುವುದು ನಾನೇ ಮೈಮೇಲೆ ಎಳೆದುಕೊಂಡ ತಲೆನೋವು. ಸಂಬಳವಿಲ್ಲ, ಬೈಗುಳ ಧಾರಾಳ. ಬಂದ ಲೇಖನವನ್ನು ಮೊದಲು ನಾನು ಓದಬೇಕು, ಆ ವಿಷಯ ಬಲ್ಲ ಇಬ್ಬರು ಪರಿಶೀಲಕರನ್ನು ಹುಡುಕಿ ಕಳಿಸಬೇಕು, ಅವರು ಮಾತು ಕೊಟ್ಟು ಮರೆತಾಗ ನೆನಪಿಸಬೇಕು. ಪರಿಶೀಲಕರೂ ಬಿಟ್ಟಿ ಕೆಲಸದವರೇ. ಯಾರದೋ ಲೇಖನಕ್ಕಾಗಿ ತಮ್ಮ ಭಾನುವಾರವನ್ನು ಕೊಡುವವರು.

ಇಷ್ಟು ವರ್ಷದಲ್ಲಿ ಕೆಟ್ಟ ಲೇಖನಗಳನ್ನು ಬೇಕಾದಷ್ಟು ನೋಡಿದ್ದೇನೆ, ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದು ಒಳ್ಳೆಯ ಲೇಖನದ ನೆನಪಾದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ.

ಮಲ್ಲಿಗೆ ಕಟ್ಟುವ ಹೆಂಗಸರ ಕುತ್ತಿಗೆ ಮತ್ತು ಬೆರಳಿನ ನೋವಿನ ಬಗ್ಗೆ ಅದು. ಶಿರ್ವ, ಇನ್ನಂಜೆ ಕಡೆ ಬೆಳಕು ಹರಿಯುವ ಮೊದಲೇ ಗಿಡದ ಬುಡದಲ್ಲಿ ಬಗ್ಗಿ ಮೊಗ್ಗು ಕೊಯ್ಯುತ್ತಾರೆ. ಆಮೇಲೆ ಜಗಲಿಯಲ್ಲಿ ತಲೆ ತಗ್ಗಿಸಿ ಕೂತು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಹೂ ಒಯ್ಯುವವನು ಬರುವ ಮೊದಲು ಕಟ್ಟಿದ ಹೂವಿನ ಚೆಂಡು ಸಿದ್ಧವಾಗಬೇಕು, ನಡುವೆ ಕತ್ತೆತ್ತುವ ಹಾಗಿಲ್ಲ. ಲೇಖನ ಬರೆದವಳು ಸಂಶೋಧನಾ ವಿದ್ಯಾರ್ಥಿನಿ, ಬೇರೊಂದು ಕಾಲೇಜಿನವಳು. ಮೊದಲ ಹೆಸರು ಅವಳದು, ಎರಡನೆಯದು ಅವಳ ಗೈಡ್‌ನದು. ಓದಿದ ಕೂಡಲೇ ಗೊತ್ತಾಯಿತು, ಇದು ಕುರ್ಚಿಯಲ್ಲಿ ಕೂತು ಬರೆದದ್ದಲ್ಲ. ಹೂ ಕಟ್ಟುವಾಗ ಯಾವ ಬೆರಳು ಎಷ್ಟು ಬಾಗುತ್ತದೆ, ನಾರು ಎಳೆಯುವಾಗ ಹೆಬ್ಬೆರಳಿನ ಬುಡಕ್ಕೆ ಎಂತಾಗುತ್ತದೆ, ಎಲ್ಲವನ್ನೂ ಪಕ್ಕದಲ್ಲಿ ಕೂತು ನೋಡಿದ್ದಳು. ಒಂದು ಫೋಟೋ ಇತ್ತು: ಎರಡು ಕೈ, ನಡುವೆ ಅರ್ಧ ಕಟ್ಟಿದ ಹೂ. ಬಲಗೈಯ ತೋರುಬೆರಳ ತುದಿ ಸ್ವಲ್ಪ ಪಕ್ಕಕ್ಕೆ ವಾಲಿತ್ತು. ಮದುವೆ ಉಂಗುರ ಬೆರಳಲ್ಲಿ ಹೂತುಹೋಗಿತ್ತು.

ಖುಷಿಯಿಂದಲೇ ಪರಿಶೀಲನೆಗೆ ಕಳಿಸಿದೆ. ಒಬ್ಬರು ಕಾರ್ಕಳದ ಹಿರಿಯ ವೈದ್ಯರು. ದುಡಿಯುವವರ ಮೂಳೆ, ಕೀಲಿನ ಬಗ್ಗೆ ನಮ್ಮ ಕಡೆ ಅವರಷ್ಟು ಬಲ್ಲವರು ಕಡಿಮೆ. ಎರಡು ದಿನದಲ್ಲಿ ಅವರ ಫೋನ್ ಬಂತು.

"ಎಂತ ಮೇಡಂ, ನನ್ನನ್ನು ಪರೀಕ್ಷೆ ಮಾಡ್ತಾ ಇದ್ದೀರಾ?"

"ಯಾಕೆ ಡಾಕ್ಟ್ರೇ?"

"ಈ ಮಲ್ಲಿಗೆ ಲೇಖನ ನಾನು ಓದಿ ಆಗಿದೆ. ಬೇರೆ ಪತ್ರಿಕೆಯವರು ಹೋದ ತಿಂಗಳೇ ಕಳಿಸಿದ್ರು. ಅಭಿಪ್ರಾಯ ಬರೆದು ಕಳಿಸಿಯೂ ಆಯ್ತು. ತಲೆಬರಹ ಮಾತ್ರ ಬದಲಾಗಿದೆ, ಒಳಗೆ ಎಲ್ಲ ಅದೇ ಉಂಟು. ಆ ಫೋಟೋ ಕೂಡ ಅದೇ."

ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಒಂದೇ ಲೇಖನವನ್ನು ಒಟ್ಟಿಗೆ ಎರಡು ಪತ್ರಿಕೆಗೆ ಕಳಿಸುವ ಹಾಗಿಲ್ಲ. ಕಳಿಸಿದವರು ಹೀಗೆಯೇ ಸಿಕ್ಕಿಬೀಳುತ್ತಾರೆ, ಹೆಚ್ಚಿನವರು. ಎಲ್ಲರಿಗೂ ಕಂಪ್ಯೂಟರಿನ ಭಯ. ನಕಲು ಹಿಡಿಯುವ ತಂತ್ರಾಂಶಕ್ಕೆ ನಾವು ಲೇಖನವನ್ನು ಹಾಕುತ್ತೇವೆ, ನಿಜ. ಆದರೆ ಅದು ಹೋಲಿಸಿ ನೋಡುವುದು ಮುಖ್ಯವಾಗಿ ಈಗಾಗಲೇ ಅಚ್ಚಾದದ್ದರ ಜೊತೆ. ಎರಡು ಪತ್ರಿಕೆಗಳ ಒಳಗೆ ಇನ್ನೂ ಪರಿಶೀಲನೆಯಲ್ಲಿರುವ ಲೇಖನ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಇದೂ ಹಾಗೆಯೇ ಅದರ ಕೈಯಿಂದ ಶುಭ್ರವಾಗಿ ಹೊರಬಂದಿತ್ತು. ಹಿಡಿಯುವುದು ಮನುಷ್ಯರು. ಕೆಲವರು ಲೇಖನದ ಜೊತೆ ಕಳಿಸುವ ಪತ್ರದಲ್ಲಿ ನಮ್ಮ ಪತ್ರಿಕೆಯ ಬದಲು ಇನ್ನೊಂದರ ಹೆಸರು ಉಳಿಸಿಬಿಡುತ್ತಾರೆ, ಮದುವೆ ಕಾಗದದಲ್ಲಿ ಹಳೆಯ ಹುಡುಗಿಯ ಹೆಸರು ಉಳಿದ ಹಾಗೆ. ಕೆಲವರದು ಎರಡು ಕಡೆಯೂ ಅಚ್ಚಾಗಿ ಓದುಗರೇ ಬರೆದು ತಿಳಿಸುತ್ತಾರೆ. ಆದರೆ ನಾನು ಕಂಡ ಮಟ್ಟಿಗೆ ಹೆಚ್ಚು ಸಲ, ಎರಡೂ ಪತ್ರಿಕೆಗಳು ಒಬ್ಬನೇ ಪರಿಶೀಲಕನ ಬಾಗಿಲು ತಟ್ಟಿರುತ್ತವೆ. ಮಲ್ಲಿಗೆ ಕಟ್ಟುವವರ ಬೆರಳಿನ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವರು ಲೋಕದಲ್ಲಿ ಎಷ್ಟು ಜನ ಇದ್ದಾರು? ಸಂಪಾದಕರು ಎಲ್ಲಿಯವರಾದರೂ ಹುಡುಕಿ ಬರುವುದು ಕಾರ್ಕಳಕ್ಕೇ.

ನಾನು ಪ್ರಧಾನ ಸಂಪಾದಕರಿಗೆ ತಿಳಿಸಿದೆ. ಅವರು ಆ ಪತ್ರಿಕೆಯ ಸಂಪಾದಕರಿಗೆ ಬರೆದರು. ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಶೀರ್ಷಿಕೆ ಬೇರೆ, ಮೊದಲ ಪ್ಯಾರಾ ಹಿಂದುಮುಂದು, ಕೋಷ್ಟಕಗಳ ಅಂಕಿಗಳು ಒಂದೂ ಬದಲಾಗಿರಲಿಲ್ಲ. ಎರಡರಲ್ಲೂ 'ಈ ಲೇಖನವನ್ನು ಬೇರೆಲ್ಲಿಗೂ ಕಳಿಸಿಲ್ಲ' ಎಂಬ ಘೋಷಣೆಗೆ ಟಿಕ್ ಹಾಕಿತ್ತು. ಅಲ್ಲಿ ಲೇಖನ ಸ್ವೀಕಾರವಾಗುವ ಹಂತಕ್ಕೆ ಬಂದಿತ್ತಂತೆ. ಇನ್ನೂ ಕೆಲವು ವಾರ ಗೊತ್ತಾಗದಿದ್ದರೆ ಒಂದೇ ಅಧ್ಯಯನ ಎರಡು ಸಲ ಅಚ್ಚಾಗಿ, ಮುಂದೆ ಯಾರೋ ಇಂಥ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡುವಾಗ ಅದೇ ಹೆಂಗಸರನ್ನು ಎರಡೆರಡು ಸಲ ಲೆಕ್ಕ ಹಿಡಿಯುತ್ತಿದ್ದರು.

ನಿಯಮದಂತೆ ಇಬ್ಬರು ಲೇಖಕರಿಗೂ ವಿವರಣೆ ಕೇಳಿ ಬರೆದೆವು. ಗೈಡ್‌ನ ಉತ್ತರ ಮರುದಿನವೇ ಬಂತು. ತಾನು ಸಂಶೋಧನಾ ನೀತಿಯ ಬಗ್ಗೆ ಎಷ್ಟೊಂದು ಕಾರ್ಯಾಗಾರ ನಡೆಸಿದ್ದೇನೆ ಎಂಬುದರಿಂದ ಶುರು. ಕೊನೆಗೆ ಒಂದು ಸಾಲು: ವಿದ್ಯಾರ್ಥಿನಿ ಅನುಭವವಿಲ್ಲದೆ, ತನ್ನ ಗಮನಕ್ಕೆ ತಾರದೆ ಎರಡು ಕಡೆ ಕಳಿಸಿದ್ದಾಳೆ, ಅವಳಿಗೆ ಬುದ್ಧಿ ಹೇಳಲಾಗಿದೆ. ಆದರೆ ಎರಡೂ ಪತ್ರಿಕೆಗಳಿಗೆ ಲೇಖನ ಬಂದದ್ದು ಅವನದೇ ಖಾತೆಯಿಂದ. ತಲುಪಿದೆ ಎಂಬ ನಮ್ಮ ಮೇಲ್ ಹೋದದ್ದು ಅವನಿಗೇ.

ಹುಡುಗಿ ಬರೆಯಲಿಲ್ಲ, ನೇರ ಬಂದಳು. ಶಿರ್ವದವಳು, ಕೊಂಕಣಿ ಮನೆಮಾತಿನ ಕ್ರೈಸ್ತ ಹುಡುಗಿ. ನಮ್ಮ ವಿಭಾಗದ ಹೊರಗೆ ಬ್ಯಾಗನ್ನು ಎದೆಗೆ ಒತ್ತಿ ನಿಂತಿದ್ದಳು. ಉತ್ತರ ಕೊಡುವುದಿದ್ದರೆ ಬರೆದೇ ಕೊಡಬೇಕು, ನನ್ನ ಹತ್ತಿರ ಮಾತಾಡುವ ಹಾಗಿಲ್ಲ ಎಂದೆ. ಆದರೂ ನಿಂತೇ ಇದ್ದಳು.

"ಬರೆದು ಕೊಡ್ತೇನೆ ಮೇಡಂ. ಒಮ್ಮೆ ಬಾಯಲ್ಲಿ ಹೇಳಿಬಿಡ್ತೇನೆ. ಆ ಟಿಕ್ ಹಾಕಿದ್ದು ನಾನೇ. ಸರ್ ಪಕ್ಕದಲ್ಲಿ ಕೂತಿದ್ರು. ಎರಡಕ್ಕೂ ಹಾಕು, ಯಾವುದು ಮೊದಲು ಬರ್ತದೋ ಅದನ್ನು ಇಟ್ಕೊಂಡು ಇನ್ನೊಂದನ್ನು ವಾಪಸ್ ತೆಗೆಯುವ, ಎಲ್ಲರೂ ಹಾಗೇ ಮಾಡುವುದು ಅಂತ ಹೇಳಿದ್ರು."

"ತಪ್ಪು ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಮೇಡಂ. ಒಂದು ಲೇಖನ ಸ್ವೀಕಾರ ಆಗದೆ ನಮ್ಮಲ್ಲಿ ಥೀಸಿಸ್ ಕೊಡುವ ಹಾಗಿಲ್ಲ. ಸರ್ ಸಹಿ ಹಾಕದೆಯೂ ಇಲ್ಲ."

ಸಿಟ್ಟು ಅವಳ ಮೇಲೂ ಬಂತು, ಸುಳ್ಳು ಹೇಳುವುದಿಲ್ಲ. ಗೊತ್ತಿದ್ದೂ ಹಾಕಿದಳಲ್ಲ! ಆದರೆ ಅವಳು ತನ್ನ ಕೈಯಿಂದ ಆದದ್ದನ್ನು ತನ್ನದೆಂದು ಒಪ್ಪಿದಳು. ಹೋಗುವಾಗ ತಿರುಗಿ, "ಆ ಫೋಟೋದಲ್ಲಿರುವುದು ಅಮ್ಮನ ಕೈ ಮೇಡಂ. ಪ್ರತಿ ಭಾನುವಾರ ಇಗರ್ಜಿಯಿಂದ ಬರುವಾಗ ಕೇಳ್ತಾರೆ, ನನ್ನ ಕೈ ಪೇಪರಲ್ಲಿ ಬಂತಾ ಅಂತ. ಎಂತ ಹೇಳುವುದು?" ಎಂದಳು.

ಬರೆದೂ ಕೊಟ್ಟಳು, ಬಾಯಲ್ಲಿ ಹೇಳಿದಷ್ಟನ್ನೇ. ಎರಡೂ ಪತ್ರಿಕೆಗಳು ಲೇಖನವನ್ನು ತಿರಸ್ಕರಿಸಿದವು. ಬೇರೆ ದಾರಿ ಇರಲಿಲ್ಲ. ನಾನು ಹಟ ಮಾಡಿ ನಮ್ಮ ಪತ್ರದಲ್ಲಿ ಒಂದು ಸಾಲು ಸೇರಿಸಿದೆ: ಅಧ್ಯಯನದಲ್ಲಿ ದೋಷವಿಲ್ಲ, ನಡೆದದ್ದನ್ನು ಮುಚ್ಚಿಡದೆ ಬೇರೆ ಒಂದು ಪತ್ರಿಕೆಗೆ ಇದನ್ನು ಕಳಿಸಲು ಅಡ್ಡಿಯಿಲ್ಲ. ಇಬ್ಬರ ಹೇಳಿಕೆಗಳೂ ಒಂದಕ್ಕೊಂದು ತಾಳೆಯಾಗದ ಕಾರಣ ಅವರ ಸಂಸ್ಥೆಗೂ ಬರೆದು ವಿಚಾರಿಸಲು ಕೇಳಿದೆವು. ಬಹಳ ಕಾಲ ಸದ್ದಿಲ್ಲ. ನೆನಪಿಸಿದ ಮೇಲೆ ಉತ್ತರ ಬಂತು: ವಿದ್ಯಾರ್ಥಿನಿಯ ಅಚಾತುರ್ಯ, ಎಚ್ಚರಿಕೆ ನೀಡಲಾಗಿದೆ, ವಿಷಯ ಮುಗಿದಿದೆ. ಗೈಡ್ ಬಗ್ಗೆ ಒಂದಕ್ಷರವೂ ಇಲ್ಲ. ವಿಚಾರಿಸಬೇಕಿದ್ದ ಅಲ್ಲಿನ ಸಂಶೋಧನಾ ನೀತಿಯ ಸಮಿತಿಯಲ್ಲಿ ಅವನೂ ಒಬ್ಬ ಸದಸ್ಯನೆಂದು ಆಮೇಲೆ ತಿಳಿಯಿತು. ಥೂ ಎಂದೆ, ಕೋಣೆಯಲ್ಲಿ ಒಬ್ಬಳೇ ಇದ್ದರೂ ಗಟ್ಟಿಯಾಗಿ.

ಆ ವಾರ ಅದೇ ಮನುಷ್ಯನನ್ನು ಉಡುಪಿಯ ಒಂದು ಸಭೆಯಲ್ಲಿ ಕಂಡೆ. ಕೈಮುಗಿದು, "ಮಕ್ಕಳು ಮೇಡಂ, ಅವಸರ. ನಾವು ದೊಡ್ಡವರು ಸ್ವಲ್ಪ ಹೊಂದಿಸಿಕೊಂಡು ಹೋಗಬೇಕು ಅಲ್ವಾ?" ಎಂದು ನಕ್ಕ. ಎದುರು ಮೇಜಿನಲ್ಲಿ ಬೋಂಡದ ತಟ್ಟೆ. ನಾನು ಅಲ್ಲಿಂದ ಎದ್ದೆ. ಅವನು ತಿಂದ ಮೇಜಿನಲ್ಲಿ ನೀರು ಕುಡಿಯಲೂ ಮನಸ್ಸು ಬರಲಿಲ್ಲ.

ಮುಂದೆ ಹುಡುಗಿ ಸಂಶೋಧನೆ ಬಿಟ್ಟಳು ಎಂದು ಕೇಳಿದೆ. ಲೇಖನವನ್ನು ಮತ್ತೆ ಕಳಿಸೋಣ ಎಂದು ಅವಳು ಕೇಳಿದಾಗಲೆಲ್ಲ ಅವನು ಈಗ ಬೇಡ, ಸುದ್ದಿ ತಣ್ಣಗಾಗಲಿ ಎನ್ನುತ್ತಿದ್ದನಂತೆ. ಕಾದು ಕಾದು ಬೇಸತ್ತು ಕಾಪುವಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದಳು.

ಒಂದು ಮಳೆಗಾಲ ಕಳೆದಿರಬೇಕು. ನಾನು ಸಂಪಾದಕಿಯಲ್ಲದ, ಎಂದೂ ಕೆಲಸ ಮಾಡಿರದ ಒಂದು ಪತ್ರಿಕೆಯಿಂದ ಮೇಲ್ ಬಂತು. ಪರಿಶೀಲಿಸಿ ಕೊಡಬಹುದೇ ಎಂದು. ಹೂವಿನ ಕೆಲಸದ ಹೆಂಗಸರ ಕೈನೋವು. ಕಾರ್ಕಳದ ಡಾಕ್ಟರು ಆ ಹೊತ್ತಿಗೆ ಪರಿಶೀಲನೆ ನಿಲ್ಲಿಸಿದ್ದರು, ಆದ್ದರಿಂದ ಹುಡುಕಿಕೊಂಡು ನನ್ನ ಬಾಗಿಲಿಗೆ ಬಂದಿದ್ದರು. ತೆರೆದೆ. ಅದೇ ಅಂಕಿಗಳು. ಲೇಖಕರ ಜಾಗದಲ್ಲಿ ಮೊದಲು ಗೈಡ್‌ನ ಹೆಸರು, ನಂತರ ಅವನ ಕಾಲೇಜಿನ ಇನ್ನೊಬ್ಬ ಸಹೋದ್ಯೋಗಿಯದು. ಕೊನೆಯ ಪುಟದಲ್ಲಿ ಕೃತಜ್ಞತೆಯ ಸಾಲುಗಳನ್ನೂ ಹುಡುಕಿದೆ. ಹುಡುಗಿಯ ಹೆಸರು ಅಲ್ಲೂ ಇರಲಿಲ್ಲ.

ಈ ಸಲ ಅವನು ಒಂದೇ ಪತ್ರಿಕೆಗೆ ಕಳಿಸಿದ್ದಿರಬೇಕು. ಅಷ್ಟು ಪಾಠ ಕಲಿತಿದ್ದ!

ಪುಟ ಇಳಿಸುತ್ತಾ ಹೋದೆ. ಫೋಟೋ ಇತ್ತು. ವಾಲಿದ ತೋರುಬೆರಳು, ಹೂತುಹೋದ ಉಂಗುರ, ಅರ್ಧ ಕಟ್ಟಿದ ಹೂ. ಮಗಳನ್ನು ಅಳಿಸಿ ತಾಯಿಯ ಕೈಯನ್ನು ಇಟ್ಟುಕೊಂಡಿದ್ದ. ಆ ಕೈ ಯಾರದೆಂದು ಅವನು ಒಂದು ದಿನವೂ ಕೇಳಿರಲಿಕ್ಕಿಲ್ಲ.

ಸಂಪಾದಕರಿಗೆ ಬರೆದೆ. ಈ ಲೇಖನವನ್ನು ನಾನು ಹಿಂದೆ ಇನ್ನೊಬ್ಬಳ ಹೆಸರು ಮೊದಲಿದ್ದಾಗ ಕಂಡಿದ್ದೇನೆ, ಪರಿಶೀಲಿಸಲಾರೆ. ಆಗಿನ ಪತ್ರವ್ಯವಹಾರ ನಮ್ಮ ಪತ್ರಿಕೆಯಲ್ಲಿದೆ, ನಮ್ಮ ಪ್ರಧಾನ ಸಂಪಾದಕರನ್ನು ಕೇಳಿ. ಕೆಲಸ ಮಾಡಿದವಳ ಹೆಸರನ್ನು ಬಿಡಲಾಗಿದೆ. ಫೋಟೋದಲ್ಲಿರುವ ಹೆಂಗಸಿನ ಒಪ್ಪಿಗೆಯನ್ನು ಲೇಖಕರಿಂದ ದಯವಿಟ್ಟು ಕೇಳಿ.

ಲೇಖನವನ್ನು ಲೇಖಕರೇ ಹಿಂತೆಗೆದುಕೊಂಡರು ಎಂದು ಆಮೇಲೆ ಎರಡು ಸಾಲು ಬಂತು. ಅವನು ಇವತ್ತಿಗೂ ಅಲ್ಲೇ ಇದ್ದಾನೆ, ಅದೇ ಸಮಿತಿಯಲ್ಲಿ, ಹೊಸ ಮಕ್ಕಳಿಗೆ ಗೈಡ್ ಆಗಿ. ನಾನು ಒಂದು ಸಂಜೆ ಕಾಪುವಿನ ಆ ಕ್ಲಿನಿಕ್ಕಿಗೆ ಹೋದೆ. ಹುಡುಗಿ ಒಬ್ಬ ಮುದುಕಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಬೇಕಿದ್ದರೆ ಬೇರೆ ಗೈಡ್ ಹುಡುಕೋಣ, ಎಲ್ಲವನ್ನೂ ಮೊದಲಿನಿಂದ ಬರೆಯೋಣ ಎಂದೆ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಬೇಡ ಮೇಡಂ," ಎಂದಳು. "ಅಮ್ಮನಿಗೆ ಈಗ ಕಟ್ಟಲಿಕ್ಕೆ ಆಗುವುದಿಲ್ಲ. ಪೇಪರಲ್ಲಿ ಬಂತಾ ಅಂತ ಕೇಳುವುದನ್ನೂ ಬಿಟ್ಟಿದ್ದಾರೆ."