ಐವತ್ತು ಡೆಸಿಬಲ್ ನಷ್ಟ

ನನ್ನ ಬಾವನನ್ನು ನಾನೂ ನಮ್ಮಣ್ಣನೂ ಸೇರಿ ಹೊಡೆದದ್ದು ಒಂದು ಭಾನುವಾರ, ಮಟಮಟ ಮಧ್ಯಾಹ್ನ, ಕೋರಮಂಡಲ್‌ನ ಗಣಿ ಲೈನಿನಲ್ಲಿ, ಆಳುಗಳ ಸಾಲುಮನೆಗಳ ನಡುವೆ, ಅವನ ಮನೆಯ ಬಾಗಿಲ ಮುಂದೆಯೇ. ನಮ್ಮಣ್ಣ ಹಿಂದಿನಿಂದ ಅವನ ಎರಡೂ ತೋಳು ತಿರುಚಿ ಹಿಡಿದಿದ್ದ. ನಾನು ಅಂಗೈ ಬಟ್ಟಲು ಮಾಡಿ ಎಡಗಿವಿಯ ಮೇಲೆ ಬಾರಿಸಿದೆ. ಬಾವ ಹಾಗೇ ಮಂಡಿಯೂರಿದ. ಕಿವಿಯಿಂದ ಒಂದು ಸಣ್ಣ ಗೆರೆ ರಕ್ತ ಇಳಿದು ಬನಿಯನ್ನಿನ ಕತ್ತುಪಟ್ಟಿಗೆ ಹತ್ತಿತು. ಆಗ ನನಗೆ ಆದದ್ದು ಸಂತೋಷ. ಸುಳ್ಳು ಹೇಳುವುದಿಲ್ಲ, ಸಂತೋಷವೇ.

ಹಿಂದಿನ ದಿನ ಅಕ್ಕ ಮುರಿದ ಮಣಿಕಟ್ಟು ಹಿಡಿದುಕೊಂಡು, ಮೂರು ವರ್ಷದ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದು ನಮ್ಮೂರಿಗೆ ಬಂದಿದ್ದಳು. ಬಾವ ಹಿತ್ತಾಳೆ ಚೊಂಬಿನಲ್ಲಿ ಹೊಡೆದಿದ್ದ. ಅದು ಮೊದಲ ಸಲವೇನೂ ಅಲ್ಲ. ಆದರೆ ಮೂಳೆ ಮುರಿದದ್ದು ಮೊದಲ ಸಲ.

ಬಾವ ಮಷೀನ್‌ಮ್ಯಾನ್. ನೆಲದೊಳಗೆ ಕಲ್ಲು ಕೊರೆಯುವ ಗಾಳಿ ಮಷೀನನ್ನು ಎದೆಗೆ ಒತ್ತಿಕೊಂಡು ಹದಿನಾಲ್ಕು ವರ್ಷ ಕೆಲಸ ಮಾಡಿದವನು. ಮದುವೆಯಾದ ಹೊಸದರಲ್ಲಿ ನಗುನಗುತ್ತಾ ಇದ್ದವನು ಬರುಬರುತ್ತಾ ಸಿಡಿಮಿಡಿಯಾದ. ಕರೆದರೆ ಓಗೊಡುತ್ತಿರಲಿಲ್ಲ. ಒಲೆ ಮುಂದಿನಿಂದ ಅಕ್ಕ ಏನಾದರೂ ಕೇಳಿದರೆ ಗೋಡೆ ನೋಡುತ್ತಾ ಕೂತಿರುತ್ತಿದ್ದ. ಆದರೆ ಬೀದಿಯ ಆ ತುದಿಯಿಂದ ಮೇಸ್ತ್ರಿ ತಮಿಳಿನಲ್ಲಿ ಗದರಿದರೆ ತಕ್ಷಣ ತಿರುಗುತ್ತಿದ್ದ. ಲೈನಿನ ಹೆಂಗಸರು ಅಕ್ಕನನ್ನು ಛೇಡಿಸುತ್ತಿದ್ದರು: ನಿನ್ನ ಗಂಡನಿಗೆ ಹೆಂಡತಿ ಮಾತು ಮಾತ್ರ ಕೇಳಿಸದ ಕಿವುಡು ಎಂದು. ಅವರು ನಗುವುದು ಅವನಿಗೆ ಕಾಣುತ್ತಿತ್ತು, ಯಾಕೆ ನಗುತ್ತಾರೆ ಅನ್ನುವುದು ಕೇಳುತ್ತಿರಲಿಲ್ಲ. ಆ ಸಿಟ್ಟು ಅಕ್ಕನ ಮೈಮೇಲೆ ಇಳಿಯುತ್ತಿತ್ತು.

ಕೊನೆಗೆ ಅವನನ್ನು ಗಣಿ ಆಸ್ಪತ್ರೆಗೆ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದವನು ನಾನೇ. ತಲೆಗೆ ಹೆಡ್‌ಫೋನ್ ಹಾಕಿ ಸಣ್ಣದಾಗಿ ಕೀ ಅನ್ನಿಸಿ, ಕೇಳಿಸಿದಾಗ ಕೈ ಎತ್ತು ಎಂದರು. ಬಾವ ಬಹಳ ಹೊತ್ತು ಕೈ ಎತ್ತಲೇ ಇಲ್ಲ. ಒಂದು ಚೀಟಿ ಕೊಟ್ಟರು. ಅದರಲ್ಲಿ ಕೀರಲು ಸದ್ದುಗಳಿಗೆ ಎರಡೂ ಕಿವಿಯಲ್ಲಿ ಐವತ್ತು ಡೆಸಿಬಲ್ ನಷ್ಟ ಎಂದು ಬರೆದಿತ್ತು.

ಡೆಸಿಬಲ್ ಅನ್ನುವ ಪದ ಗೊತ್ತಿದ್ದವನು ನಮ್ಮ ಮನೆಯಲ್ಲಿ ನಾನೊಬ್ಬನೇ. ಗಣಿಯ ಸೇಫ್ಟಿ ಆಫೀಸಿನಲ್ಲಿ ಸಹಾಯಕನಾಗಿ ಸೇರಿ ವರ್ಷವಾಗಿತ್ತು. ಬೆಳಗಿನ ರೈಲಿನಲ್ಲಿ ಮಾರಿಕುಪ್ಪಂ ಕಡೆ ಹೋಗಿ ಸಂಜೆ ರೈಲಿಗೆ ವಾಪಸ್ಸು. ಶಬ್ದದ ಎಚ್ಚರಿಕೆ ಬೋರ್ಡುಗಳನ್ನು ಬರೆಸುವ ಕೆಲಸ ನನ್ನದೇ. ಎಂಬತ್ತೈದಾದರೆ ಎಚ್ಚರಿಕೆ, ತೊಂಬತ್ತಾದರೆ ಅಪಾಯ, ಕಿವಿ ಮುಚ್ಚಿಕೊಳ್ಳಿ ಎಂದು ಕನ್ನಡ, ತಮಿಳು, ತೆಲುಗಿನಲ್ಲಿ ಬರೆಸಿ ಗೋಡೆಗೆ ಹೊಡೆಸುತ್ತಿದ್ದೆ. ಆಳುಗಳು ಅದನ್ನು ಪರೀಕ್ಷೆಯ ಮಾರ್ಕಿನಂತೆ ಓದುತ್ತಿದ್ದರು. ನೂರಕ್ಕೆ ತೊಂಬತ್ತು, ಇನ್ನೂ ಹತ್ತು ಬಾಕಿ ಇದೆಯಲ್ಲ ಎಂದು ಕಿವಿಗೆ ಹತ್ತಿಯನ್ನೂ ಇಡದೆ ನಡೆದುಬಿಡುತ್ತಿದ್ದರು. ನಾನು ಅವರಿಗಿಂತ ದೊಡ್ಡ ಜಾಣನೇನೂ ಆಗಿರಲಿಲ್ಲ.

ಚೀಟಿ ನೋಡಿ ಅಕ್ಕನಿಗೆ ನಾನು ಹೇಳಿದ್ದು ಇಷ್ಟು: ನೂರರಲ್ಲಿ ಐವತ್ತು ಹೋಗಿದೆ, ಐವತ್ತು ಉಳಿದಿದೆ. ಅರ್ಧ ಕಿವಿ ಚೆನ್ನಾಗಿಯೇ ಇದೆ, ಸ್ವಲ್ಪ ಜೋರಾಗಿ ಮಾತಾಡಿದರೆ ಸಾಕು.

ಅಕ್ಕ ಸ್ವಲ್ಪ ಜೋರಾಗಿ ಮಾತಾಡಿದಳು. ಅವನು ತಿರುಗಲಿಲ್ಲ. ಇನ್ನೂ ಸ್ವಲ್ಪ ಜೋರು ಮಾಡಿದಳು. ಆಗಲೂ ಇಲ್ಲ. ಅರ್ಧ ಕಿವಿ ಇರುವವನು ಹೀಗೆ ಮಾಡುತ್ತಾನೆಂದರೆ ಬೇಕೆಂದೇ ಮಾಡುತ್ತಾನೆ ಎಂದು ಅವಳು ತೀರ್ಮಾನಿಸಿದಳು, ನಾನೂ ಹೂಂ ಎಂದೆ. ಆ ಶನಿವಾರ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಅಕ್ಕನ ಕೈ ತುಂಬ ರಾಗಿ ಹಿಟ್ಟು. ಇಳಿಸು ಎಂದು ಮೂರು ಸಲ ಕರೆದಳು. ಅವನು ಬೆನ್ನು ತಿರುಗಿಸಿ ಬೀಡಿ ಕಟ್ಟು ಬಿಚ್ಚುತ್ತಿದ್ದ. ಹಾಲೆಲ್ಲ ಬೂದಿಗೆ ಹೋದ ಮೇಲೆ ಅಕ್ಕ ಅವನ ಮುಂದೆ ಬಂದು ನಿಂತು, ಅರ್ಧ ಕಿವಿ ಇಟ್ಟುಕೊಂಡು ನಾಟಕ ಆಡುತ್ತೀಯಾ, ಕಳ್ಳ ಎಂದಳು. ಅದು ಮಾತ್ರ ಅವನಿಗೆ ತುಟಿಯ ಮೇಲೆ ಓದಲು ಸಿಕ್ಕಿತು. ಚೊಂಬು ಕೈಗೆಟುಕುವಂತಿತ್ತು.

ಇದಿಷ್ಟೂ ಕೇಳಿ ನಾವು ಹೋಗಿ ಹೊಡೆದು ಬಂದೆವು. ಹೊಡೆಯುತ್ತಾ ನಾನು ನಾಟಕ, ನಾಟಕ ಎಂದು ಕಿರುಚುತ್ತಿದ್ದೆ.

ಮೂರು ವಾರದ ಮೇಲೆ ಸೇಫ್ಟಿ ಆಫೀಸಿಗೆ ಹೊಸ ಶಬ್ದಮಾಪಕ ಬಂತು. ಮುಷ್ಟಿಯಲ್ಲಿ ಹಿಡಿಯುವಷ್ಟು ಡಬ್ಬಿ, ಮೇಲೊಂದು ಮುಳ್ಳು. ನಮ್ಮ ಆಫೀಸರು ಮೈಸೂರು ಕಡೆಯವರು, ಮಾತು ಕಡಿಮೆ, ಮುಂಗೋಪ ಜಾಸ್ತಿ. ರಿಪೇರಿಯಾದ ಮಷೀನುಗಳನ್ನು ಬಂಡೆಯ ಮೇಲೆ ಓಡಿಸಿ ನೋಡುವ ಶೆಡ್ಡಿಗೆ ನನ್ನನ್ನು ಕರೆದುಕೊಂಡು ಹೋದರು. ಅಲ್ಲಿ ನಾನೇ ಹೊಡೆಸಿದ ತೊಂಬತ್ತರ ಬೋರ್ಡು ಇತ್ತು. ಒಂದು ಮಷೀನು ಶುರುವಾಯಿತು. ಹಲ್ಲಿನ ಬೇರು ನಡುಗಿತು. ಮುಳ್ಳು ನೂರಹತ್ತಕ್ಕೆ ಹೋಗಿ ನಿಂತಿತು.

ಮಷೀನು ನಿಂತ ಮೇಲೆ ನಾನು, ಬರೀ ಇಪ್ಪತ್ತು ಹೆಚ್ಚು ಸಾರ್, ಬೋರ್ಡು ಹಾಗೇ ಇರಲಿ ಎಂದೆ. ಆಫೀಸರು ಎರಡನೇ ಮಷೀನನ್ನೂ ತರಿಸಿದರು. ಎರಡೂ ಸೇರಿದರೆ ಎಷ್ಟು ತೋರಿಸಬಹುದು ಬರೆ ಎಂದರು. ನೂರಹತ್ತು, ಇನ್ನೊಂದು ನೂರಹತ್ತು. ಇನ್ನೂರಿಪ್ಪತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಎರಡನ್ನೂ ಒಟ್ಟಿಗೆ ಓಡಿಸಿದರು. ಮುಳ್ಳು ನೂರಹದಿಮೂರಕ್ಕೆ ಹೋಗಿ ಅಲ್ಲೇ ಅಂಟಿಕೊಂಡಿತು. ಮೀಟರ್ ಕೆಟ್ಟಿದೆ ಎಂದು ಕೂಗಿದೆ. ಕೆಟ್ಟಿರುವುದು ನಿನ್ನ ತಲೆ ಎಂದು ಅವರು ಕೂಗಿದರು.

ಆಮೇಲೆ ಹೊರಗೆ ಕರೆದು ಸೀಮೆಸುಣ್ಣ ಹಿಡಿದು ಗೋಡೆಯ ಮೇಲೆ ಸೊನ್ನೆಗಳನ್ನು ಬರೆಯತೊಡಗಿದರು. ಡೆಸಿಬಲ್‌ನಲ್ಲಿ ಸೊನ್ನೆ ಅಂದರೆ ಸದ್ದೇ ಇಲ್ಲ ಅಂತಲ್ಲ, ಒಳ್ಳೆಯ ಕಿವಿಗೆ ಕೇಳಿಸುವ ಅತಿ ಸಣ್ಣ ಸದ್ದು ಎಂದರು. ಅದರ ಹತ್ತರಷ್ಟು ಶಕ್ತಿಯ ಸದ್ದಿಗೆ ಹತ್ತು ಡೆಸಿಬಲ್. ನೂರರಷ್ಟಕ್ಕೆ ಇಪ್ಪತ್ತು, ಸಾವಿರದಷ್ಟಕ್ಕೆ ಮೂವತ್ತು. ಒಂದೊಂದು ಹತ್ತಕ್ಕೂ ಒಂದೊಂದು ಸೊನ್ನೆ ಬೆಳೆಯುತ್ತದೆ. ನೂರಿಪ್ಪತ್ತಕ್ಕೆ ಬರುವಷ್ಟರಲ್ಲಿ ಅದು ಲಕ್ಷ ಕೋಟಿಯಾಗುತ್ತದೆ. ಇಷ್ಟು ಸೊನ್ನೆಗಳನ್ನು ಬೋರ್ಡಿನಲ್ಲಿ ಬರೆದರೆ ಯಾರು ಓದುತ್ತಾರೆ, ಅದಕ್ಕೇ ಸೊನ್ನೆಗಳನ್ನು ಎಣಿಸಿ ಬರೆಯುವುದು ಎಂದರು. ಕಿವಿಯೂ ಹಾಗೆಯೇ ಅಳೆಯುತ್ತದಂತೆ, ಎಷ್ಟು ಹೆಚ್ಚಾಯಿತು ಅಂತಲ್ಲ, ಎಷ್ಟು ಪಟ್ಟು ಆಯಿತು ಅಂತ. ಶಕ್ತಿ ಹತ್ತು ಪಟ್ಟಾದರೆ ಕಿವಿಗೆ ಅಂದಾಜು ಎರಡು ಪಟ್ಟು ಜೋರು ಅನ್ನಿಸುತ್ತದೆ. ಕಿವಿ ಮೋಸಹೋಗುವುದು ಅಲ್ಲೇ. ಎರಡು ಮಷೀನು ಅಂದರೆ ಶಕ್ತಿ ದುಪ್ಪಟ್ಟು, ಅದಕ್ಕೆ ಮೂರೇ ಮೂರು ಡೆಸಿಬಲ್. ಹತ್ತು ಮಷೀನು ಓಡಿದರೆ ನೂರಿಪ್ಪತ್ತು. ನೀನು ಬರೀ ಇಪ್ಪತ್ತು ಅಂದೆಯಲ್ಲ, ಅದು ಬೋರ್ಡಿನಲ್ಲಿ ಬರೆದಿರುವುದಕ್ಕಿಂತ ನೂರು ಪಟ್ಟು ಎಂದು ಸೀಮೆಸುಣ್ಣ ಬಿಸಾಕಿದರು.

ಕಾಲೇಜಿನಲ್ಲಿ ಎರಡು ವರ್ಷ ಲಾಗ್ ಟೇಬಲ್ಲಿನ ಪುಸ್ತಕ ಇಟ್ಟುಕೊಂಡು ಗುಣಿಸುವ ಲೆಕ್ಕಗಳನ್ನೆಲ್ಲ ಕೂಡಿಸುವ ಲೆಕ್ಕ ಮಾಡಿಕೊಂಡು ಪಾಸಾದವನು ನಾನು. ಆ ಲಾಗೇ ಈ ಡೆಸಿಬಲ್ಲು ಎಂದು ಆಗ ಹೊಳೆಯಿತು. ಸಿಟ್ಟು ಬಂತು, ಪಾಠ ಹೇಳಿದ ಮೇಷ್ಟರ ಮೇಲೂ ಬಂತು, ನನ್ನ ಮೇಲೂ ಬಂತು. ಆಮೇಲೆ ಬಾವನ ಚೀಟಿಯ ಐವತ್ತು ನೆನಪಾಯಿತು. ಗೋಡೆಯ ಮೇಲೆ ನಾನೇ ಬೆರಳಿಟ್ಟು ಎಣಿಸಿದೆ. ಐದು ಸೊನ್ನೆ. ಒಳ್ಳೆಯ ಕಿವಿಗೆ ಕೇಳುವ ಅತಿ ಸಣ್ಣ ಕೀರಲು ಸದ್ದು ಬಾವನಿಗೆ ಕೇಳಬೇಕಾದರೆ ಅದರ ಶಕ್ತಿ ಲಕ್ಷ ಪಟ್ಟಾಗಬೇಕು. ಅರ್ಧ ಕಿವಿ ಅಂತೆ!

ಹೆಂಗಸರ ಮಾತು ಮಾತ್ರ ಕೇಳಿಸದಿರುವುದು ಸಾಧ್ಯವೇ ಎಂದು ಆಫೀಸರನ್ನು ಕೇಳಿದೆ. ಮಷೀನಿನ ಸದ್ದು ಮೊದಲು ತಿನ್ನುವುದು ಕೀರಲು ಸದ್ದು ಕೇಳುವ ಶಕ್ತಿಯನ್ನೇ ಎಂದರು. ಹೆಂಗಸರ, ಮಕ್ಕಳ ದನಿ, ಮಾತಿನಲ್ಲಿ ಸ ಶ ತ ಕ ಎಲ್ಲ ಮೊದಲು ಹೋಗುತ್ತವೆ. ಗಂಡಸಿನ ದಪ್ಪ ಗದರಿಕೆ ಕೊನೆಯವರೆಗೂ ಉಳಿಯುತ್ತದೆ. ಯಾರಿಗೆ ಎಂದು ಅವರು ಕೇಳಿದರು. ನಾನು ನೋಟ್‌ಬುಕ್ಕು ಮಡಚಿಕೊಂಡೆ.

ಆ ಸಂಜೆ ರೈಲು ಬಿಟ್ಟು ಬಾವನ ಮನೆಗೆ ಹೋದೆ. ಅವನು ಬಾಗಿಲಲ್ಲಿ ಕೂತಿದ್ದ. ನನ್ನನ್ನು ನೋಡಿದೊಡನೆ ಎದ್ದು ಗೋಡೆಗೆ ಬೆನ್ನು ಕೊಟ್ಟು ಮುಷ್ಟಿ ಬಿಗಿದ. ಕೈ ಮುಗಿದು, ಹೊಡೆಯಲು ಬಂದಿಲ್ಲ ಎಂದೆ. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ, ಏನೂ ತಲುಪಲಿಲ್ಲ. ಹತ್ತಿರ ಹೋಗಿ ಎಡಗಿವಿಯ ಬಳಿ ಬಾಗಿದೆ. ಅವನು ತಲೆ ಹಿಂದಕ್ಕೆ ತೆಗೆದು ಇನ್ನೊಂದು ಪಕ್ಕ ತಿರುಗಿಸಿದ.

“ಆ ಕಡೆ ಬ್ಯಾಡ. ಅದು ಪೂರಾ ಓಯ್ತು. ಈ ಕಿವೀಗೆ ಏಳು.”

ಏನು ಹೇಳಿದರೂ ಕಿರುಚಿಯೇ ಹೇಳಬೇಕಿತ್ತು. ಲೈನಿನ ಗೋಡೆಗಳು ತೆಳ್ಳಗೆ, ಒಬ್ಬರ ಮನೆಯ ಕೆಮ್ಮು ಇನ್ನೊಬ್ಬರ ಮನೆಗೆ ಕೇಳುತ್ತದೆ. ಎಲ್ಲರ ಬಾಗಿಲುಗಳೂ ತೆರೆದವು. ಮೂರು ವಾರದ ಹಿಂದೆ ನಾಟಕ ಎಂದು ಕಿರುಚಿದವನು ಅದೇ ಜಾಗದಲ್ಲಿ ನಿಂತು ಕಿರುಚಿದೆ.

“ಬಾವಾ, ನೀನು ನಾಟಕ ಆಡ್ಲಿಲ್ಲ. ನಂದೇ ಲೆಕ್ಕ ತಪ್ಪು. ನಾನೇ ಅಕ್ಕಂಗೆ ತಪ್ಪು ಏಳಿದ್ದು.”

ಅವನಿಗೆ ತಲುಪಿತು. ಬಿಗಿದ ಮುಷ್ಟಿ ಬಿಚ್ಚಿದ. ಇದನ್ನು ನಿಮ್ಮಕ್ಕನಿಗೆ ಹೇಳು ಎಂದ, ಅಷ್ಟೇ. ಅವನನ್ನು ಮಷೀನಿನಿಂದ ಬಿಡಿಸಿ ನೆಲದ ಮೇಲಿನ ಕೆಲಸಕ್ಕೆ ಹಾಕಬೇಕೆಂದು ಮರುದಿನವೇ ಆಫೀಸರ ಕೈಯಲ್ಲಿ ಬರೆಸಿದೆ. ಹಾಕಿದರು. ಹೋದ ಕಿವಿ ಮಾತ್ರ ಬರಲಿಲ್ಲ, ಅದು ಬರುವಂಥದ್ದಲ್ಲ.

ನಾನು ಊರಿಗೆ ಬಂದಾಗ ಅಕ್ಕ ಕೊಟ್ಟಿಗೆಯಲ್ಲಿ ಒಂದೇ ಕೈಯಲ್ಲಿ ಹಾಲು ಕರೆಯುತ್ತಿದ್ದಳು. ಇನ್ನೊಂದು ಕೈ ಇನ್ನೂ ಪಟ್ಟಿಯಲ್ಲಿತ್ತು. ನಾನು ಸೊನ್ನೆಗಳ ಕತೆಯನ್ನೆಲ್ಲ ಹೇಳಿದೆ, ನನ್ನ ತಪ್ಪನ್ನೂ ಹೇಳಿದೆ. ಅವಳು ಹಸುವಿನ ಹೊಟ್ಟೆಗೆ ಹಣೆ ಆನಿಸಿ ಕೇಳಿದಳು. ಮುಗಿದ ಮೇಲೆ ತಲೆ ಎತ್ತಿದಳು.

“ಕೇಳಿಸ್ಲಿಲ್ಲ ಅನ್ನೋದು ದಿಟ, ಒಪ್ಕೊಂಡೆ ಕಣ್ಲಾ. ಅವನು ನನ್ ಮೇಲೆ ಕೈ ಎತ್ತಿದ್ದಕ್ಕೆ ಯಾವ ಡೆಸಿಬಲ್ಲು? ನೀನು ಅವನ ಮೇಲೆ ಎತ್ತಿದ್ದಕ್ಕೆ ಯಾವ್ದು?”

ಅವಳು ಮತ್ತೆ ಹಾಲು ಕರೆಯಲು ಶುರು ಮಾಡಿದಳು. ತಂಬಿಗೆ ಅರ್ಧವಾಗಿರಬೇಕು, ಕೈ ನಿಂತಿತು.

“ಅವನು ನನ್ನ ಒಡೆದು ಬಡಿದಾದ ಮೇಲೆ ನಾನು ಬಾಯಿಗೆ ಸೆರಗು ತುಂಬ್ಕೊಂಡು ಅಳ್ತಾ ಇರ್ತಿದ್ದೆ. ಪಕ್ಕದಲ್ಲೇ ಮಲಗಿರ್ತಿದ್ದ. ಕೇಳಿಸ್ಕೊಂಡೂ ಸುಮ್ಕಿದಾನೆ ಅಂತ ಅದಕ್ಕೇ ಇನ್ನೂ ಅಳು ಬರ್ತಿತ್ತು. ಅದೂ ಕೇಳಿಸಿಲ್ವಾ ಅವನಿಗೆ?”

ಕೇಳಿಸಿರಲಾರದು ಎಂದೆ. ಅಕ್ಕ ತಂಬಿಗೆಯನ್ನು ಪಕ್ಕಕ್ಕಿಟ್ಟು ಕರುವಿನ ಕಣ್ಣಿ ಬಿಚ್ಚಿದಳು. ಉಳಿದ ಹಾಲನ್ನು ಅದಕ್ಕೇ ಬಿಟ್ಟು, ಸೆರಗು ಬಾಯಿಗೆ ಒತ್ತದೆ, ದೊಡ್ಡ ದನಿ ತೆಗೆದು ಅತ್ತಳು.