ಪುಟದ ಕೆಳಗಿನ ಸಣ್ಣ ಅಕ್ಷರಗಳು

ನನ್ನ ಗಂಡ ಕಬಕದಿಂದ ಪುತ್ತೂರಿನ ಮೂಲಕ ಸುಳ್ಯಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಕೊನೆಯ ಕೆಲವು ವರ್ಷ ಕಡಬದ ಬಸ್ಸು. ಯಾರಾದರೂ ಸೊಪ್ಪಿನ ಕಟ್ಟು ಹಿಡಿದು ಹತ್ತಿದರೆ ಟಿಕೇಟು ಕೊಡುವ ಮೊದಲು ಅದರ ಹೆಸರು ಕೇಳುತ್ತಿದ್ದರು. ಒಂದೇ ಗಿಡಕ್ಕೆ ಒಂದೊಂದು ಸ್ಟಾಪಿನಲ್ಲಿ ಒಂದೊಂದು ಹೆಸರು. ಅದನ್ನೆಲ್ಲ ಟಿಕೇಟಿನ ಹಿಂಬದಿಯಲ್ಲಿ ಗೀಚಿ ಮನೆಗೆ ತರುತ್ತಿದ್ದರು.

ನಾನು ಪುತ್ತೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುವವಳು. ಭಾನುವಾರಗಳಲ್ಲಿ ಅವರು ಹೇಳುತ್ತಿದ್ದರು, ನಾನು ಮನೆಯ ಕಂಪ್ಯೂಟರಿನಲ್ಲಿ ನುಡಿ ಎಂಬ ಕನ್ನಡ ಫಾಂಟಿನಲ್ಲಿ ಹೊಡೆಯುತ್ತಿದ್ದೆ. ಗಿಡದ ವಿವರ ಮೇಲೆ. ಹೇಳಿದವರು ಯಾರು ಎಂಬುದು ಪುಟದ ಕೆಳಗೆ ಅಡಿಟಿಪ್ಪಣಿಯಲ್ಲಿ. 'ಕಬಕದಲ್ಲಿ ಹತ್ತಿದ, ಒಂದು ಕಿವಿ ಕೇಳದ ಅಜ್ಜಿ ಹೇಳಿದ್ದು. ಚಿಲ್ಲರೆ ಇರಲಿಲ್ಲ, ಬದಲಿಗೆ ಈ ಹೆಸರು ಕೊಟ್ಟರು' ಎಂಬಂಥವು. ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಒಬ್ಬರು ಪ್ರತಿ ಗಿಡಕ್ಕೂ ಲ್ಯಾಟಿನ್ ಹೆಸರು ಹುಡುಕಿಕೊಟ್ಟರು. ಅವನ್ನು ಇಂಗ್ಲಿಷ್ ಫಾಂಟಿನಲ್ಲಿ, ಓರೆ ಅಕ್ಷರದಲ್ಲಿ ಹಾಕಿದ್ದೆವು. ಹೀಗೆ ನಾನೂರು ಪುಟ ಆಯಿತು.

ಹೋದ ವರ್ಷ ನನ್ನ ಗಂಡ ತೀರಿಕೊಂಡರು. ಅದಾದ ಮೇಲೆ ನಾನು ಆ ಫೈಲನ್ನು ತೆರೆದಿರಲಿಲ್ಲ.

ಈ ವರ್ಷ ಮೇಡಂ ಫೋನ್ ಮಾಡಿದರು. ಪುಸ್ತಕ ಅಚ್ಚಾಗುತ್ತದೆ, ಆದರೆ ಪ್ರೆಸ್ಸಿನವರಿಗೆ ಎಲ್ಲವೂ ಯುನಿಕೋಡಿನಲ್ಲಿ ಬೇಕು, ಸೋಮವಾರದೊಳಗೆ ಕೊಡಬೇಕು ಎಂದರು. ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿ ಅಂಗಡಿಗೆ ಒಯ್ದೆ.

ಹಳೆಯ ನುಡಿ ಅಕ್ಷರದಲ್ಲಿ ಒಂದು ಮೋಸ ಉಂಟು. ನಮ್ಮ ಕಣ್ಣಿಗೆ ಕಾಣುವುದು ಕನ್ನಡ. ಕಂಪ್ಯೂಟರಿನ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟು ಅವಕ್ಕೆ ಕನ್ನಡದ ರೂಪ ಕೊಡುತ್ತದೆ, ಅಷ್ಟೇ. ಯುನಿಕೋಡಿನಲ್ಲಾದರೆ ಒಳಗಿರುವುದೂ ಕನ್ನಡವೇ. ಇಡೀ ಫೈಲನ್ನು ನುಡಿಯಿಂದ ಯುನಿಕೋಡ್ ಮಾಡುವ ಪರಿವರ್ತಕಕ್ಕೆ ಹಾಕಿದಾಗ ಅದು ಲ್ಯಾಟಿನ್ ಹೆಸರುಗಳನ್ನೂ ನುಡಿ ಎಂದೇ ಓದಿ, ಅರ್ಥವಿಲ್ಲದ ಕನ್ನಡ ಮಾಡಿಟ್ಟಿತು.

ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವವನು ಕಡಬದ ಕಡೆಯವನು. ಮನೆಯಲ್ಲಿ ಮಲಯಾಳ, ಹೊರಗೆ ತುಳು, ನನ್ನ ಹತ್ತಿರ ಕನ್ನಡ. ಅವನು ನೋಡಿ ನಕ್ಕ.

"ಎಂತ ಅಕ್ಕಾ, ಗಿಡಗಳಿಗೆ ಹುಚ್ಚು ಹಿಡಿಸಿದ್ದೀರಿ!"

"ನಗಬೇಡ ಮಾರಾಯ. ದಾರಿ ಎಂತ ಉಂಟು ಹೇಳು."

"ಅಕ್ಷರ ನೋಡಿ ಹುಡುಕುದಲ್ಲ. ಫಾಂಟು ನೋಡಿ ಹುಡುಕುದು."

ಅವನು ವರ್ಡಿನಲ್ಲಿ ಒಂದು ಮ್ಯಾಕ್ರೋ ಬರೆದ, ಹೇಳಿಕೊಟ್ಟ ಕೆಲಸವನ್ನು ತಾನೇ ಮಾಡುತ್ತಾ ಹೋಗುವ ಸಣ್ಣ ಪ್ರೋಗ್ರಾಂ. ಹುಡುಕುವ ಪದದ ಜಾಗ ಖಾಲಿ. ಫಾಂಟಿನ ಜಾಗದಲ್ಲಿ ಮಾತ್ರ ನಾನು ಬಳಸಿದ ನುಡಿ ಫಾಂಟಿನ ಹೆಸರು. ಆ ಫಾಂಟಿನಲ್ಲಿರುವ ತುಂಡು ಎಲ್ಲಿ ಸಿಕ್ಕಿದರೂ ಎತ್ತಿ ಯುನಿಕೋಡ್ ಮಾಡಿ, ಅದೇ ಜಾಗದಲ್ಲಿ ಹೊಸ ಫಾಂಟಿನಲ್ಲಿ ಇಟ್ಟು ಮುಂದಿನದಕ್ಕೆ ಹೋಗಬೇಕು. ಲ್ಯಾಟಿನ್ ಹೆಸರಿನ ಫಾಂಟು ಬೇರೆಯಾದ್ದರಿಂದ ಅದನ್ನು ಮುಟ್ಟುವುದಿಲ್ಲ. ಮೂಲವನ್ನು ಹಾಗೆಯೇ ಇಟ್ಟು, ಅದರ ಒಂದು ಪ್ರತಿ ಮಾಡಿ ಆ ಪ್ರತಿಯ ಮೇಲೆ ಓಡಿಸಿದ. ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಕನ್ನಡ ಕನ್ನಡವಾಗಿ, ಲ್ಯಾಟಿನ್ ಲ್ಯಾಟಿನ್ ಆಗಿ ನಿಂತಿತ್ತು.

ಪುಟದ ಕೆಳಭಾಗ ಮಾತ್ರ ಬೋಳಾಗಿತ್ತು. ಒಂದು ಅಡಿಟಿಪ್ಪಣಿಯೂ ಇಲ್ಲ.

ಕಾರಣ ಅವನಿಗೆ ಬೇಗ ಹೊಳೆಯಲಿಲ್ಲ. ಅಷ್ಟರಲ್ಲಿ ಮೇಡಂ ಫೋನ್ ಬಂತು. ವಿಷಯ ಹೇಳಿದೆ.

"ಬೇಸರ ಮಾಡ್ಬೇಡಿ. ಗಿಡದ ವಿವರ ಸರಿ ಬಂದಿದೆಯಲ್ಲ? ಅಡಿಟಿಪ್ಪಣಿ ಬಿಟ್ಟರೂ ಪುಸ್ತಕಕ್ಕೆ ತೊಂದರೆ ಇಲ್ಲ," ಎಂದರು.

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಗಿಡದ ವಿವರ ಬೇರೆ ಪುಸ್ತಕಗಳಲ್ಲಿಯೂ ಸಿಗುತ್ತದೆ. ನನ್ನ ಗಂಡ ಬಸ್ಸಿನಲ್ಲಿ ನಿಂತು ಜನರ ಜೊತೆ ಮಾತಾಡಿದ್ದು ಇದ್ದದ್ದು ಆ ಸಣ್ಣ ಅಕ್ಷರಗಳಲ್ಲಿ ಮಾತ್ರ.

"ಅದಿಲ್ಲದಿದ್ದರೆ ಅಚ್ಚು ಹಾಕುವುದು ಬೇಡ ಮೇಡಂ," ಎಂದೆ. ನಾನು ಅಷ್ಟು ಖಡಾಖಂಡಿತವಾಗಿ ಮಾತಾಡಿದ್ದು ಕಡಿಮೆ. ಪಕ್ಕದಲ್ಲಿದ್ದವನು ನನ್ನ ಮುಖ ನೋಡಿ, ಕುರ್ಚಿಯನ್ನು ಮುಂದಕ್ಕೆಳೆದುಕೊಂಡ.

ಅರ್ಧ ಗಂಟೆಯಲ್ಲಿ ಕಾರಣ ಸಿಕ್ಕಿತು. ಸಾಲಿನ ಮೇಲ್ಗಡೆ ಕೂತಿರುತ್ತದಲ್ಲ, ಅಡಿಟಿಪ್ಪಣಿಯ ಸಣ್ಣ ಅಂಕೆ, ಅದನ್ನು ಅಳಿಸಿದರೆ ಕೆಳಗಿನ ಟಿಪ್ಪಣಿಯೂ ಅಳಿಯುತ್ತದೆ. ಆ ಅಂಕೆಯೂ ನುಡಿ ಫಾಂಟಿನಲ್ಲೇ ಇತ್ತು. ಮ್ಯಾಕ್ರೋ ಸಾಲಿನ ಜೊತೆ ಅದನ್ನೂ ಬಾಚಿ ತೆಗೆದು, ಬರೀ ಅಕ್ಷರವನ್ನು ಹಿಂದಕ್ಕೆ ಇಟ್ಟಿತ್ತು.

"ಎಂಥ ಕೆಲಸ ಮಾಡಿದ್ದೇನೆ ನೋಡಿ ಅಕ್ಕಾ. ನಾನೇ ಒರಸಿ ಹಾಕಿದ್ದು."

ಅವನು ಹುಡುಕಾಟಕ್ಕೆ ಇನ್ನೊಂದು ಷರತ್ತು ಸೇರಿಸಿದ: ಫಾಂಟು ನುಡಿ ಆಗಿರಬೇಕು, ಆದರೆ ಮೇಲ್ಗಡೆ ಏರಿಸಿದ ಅಕ್ಷರ ಆಗಿರಬಾರದು. ಆಗ ಅಂಕೆ ಬಂದಲ್ಲಿ ತುಂಡು ಮುಗಿಯುತ್ತದೆ, ಅಂಕೆ ಉಳಿಯುತ್ತದೆ. ಅಡಿಟಿಪ್ಪಣಿಗಳನ್ನು ವರ್ಡು ಬೇರೆಯೇ ಭಾಗವಾಗಿ ಇಟ್ಟುಕೊಂಡಿರುತ್ತದೆಯಂತೆ. ಮೇಲಿನ ಬರಹದಲ್ಲಿ ಹುಡುಕಿದರೆ ಅಲ್ಲಿಗೆ ಹೋಗುವುದಿಲ್ಲ. ಹಾಗಾಗಿ ಅಲ್ಲಿಗೂ ಹೋಗಿ ಇದೇ ಕೆಲಸ ಮಾಡು ಎಂದು ಬರೆದ. ಮೂಲದಿಂದ ಹೊಸ ಪ್ರತಿ ಮಾಡಿ ಮತ್ತೆ ಓಡಿಸಿದ. ಈ ಸಲ ಕಬಕದ ಅಜ್ಜಿ ತಮ್ಮ ಜಾಗದಲ್ಲೇ ಇದ್ದರು.

ನಮ್ಮ ಕಂಪ್ಯೂಟರಿನಲ್ಲಿ ನುಡಿ ಫಾಂಟು ಇರುವುದರಿಂದ, ಬದಲಾಗದೆ ಉಳಿದದ್ದೂ ಇಲ್ಲಿ ಕನ್ನಡವಾಗಿಯೇ ಕಾಣುತ್ತದೆ. ಅದಕ್ಕೆ ಅವನು ಫೈಲನ್ನು ನುಡಿ ಇಲ್ಲದ ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ಕೊಟ್ಟ. ನಾನು ಒಂದೊಂದೇ ಪುಟ ನೋಡುತ್ತಾ ಹೋದೆ. ಮೂರು ಕಡೆ, ಮೂರೂ ಅಡಿಟಿಪ್ಪಣಿಗಳೇ, ಕನ್ನಡದ ಬದಲು ಪೌಂಡಿನ ಗುರುತು, ನೆತ್ತಿಯ ಮೇಲೆ ಗೀಟು ಎಳೆದ ಇಂಗ್ಲಿಷ್ ಅಕ್ಷರಗಳು.

"ಇದು ಬೇರೆ ನುಡಿ ಫಾಂಟು ಅಕ್ಕಾ. ಹೆಸರು ಬೇರೆ, ಹಾಗಾಗಿ ಮ್ಯಾಕ್ರೋಗೆ ಸಿಗಲಿಲ್ಲ. ನೀವು ಎರಡು ಫಾಂಟು ಹಾಕಿದ್ರಾ?"

"ನಾನು ಹಾಕುದಿಲ್ಲ. ಇಡೀ ಪುಸ್ತಕಕ್ಕೆ ಒಂದೇ."

"ಮತ್ತೆ ಇದು ಯಾರು ಹೊಡೆದದ್ದು?"

ನನ್ನ ಗಂಡ ಇದ್ದಾಗ ಒಮ್ಮೆ ನಾನು ಹತ್ತು ದಿನ ತವರುಮನೆಯಲ್ಲಿದ್ದದ್ದು ನೆನಪಾಯಿತು. ಫಾಂಟು ಆರಿಸುವುದು ಅವರಿಗೆ ಗೊತ್ತಿರಲಿಲ್ಲ. ಯಾವುದು ಬಂತೋ ಅದರಲ್ಲಿ ಒಂದೇ ಬೆರಳಿನಲ್ಲಿ ಹೊಡೆದಿರಬೇಕು. ನನಗೆ ಹೇಳಿರಲಿಲ್ಲ.

ಅಂಗಡಿಯ ಕಂಪ್ಯೂಟರಿನಲ್ಲಿ ಆ ಮೂರನ್ನೂ ಓದಿದೆವು. ಮೊದಲನೆಯದು: 'ಈ ಗಿಡ ನಾನು ನೋಡಿಲ್ಲ.' ಎರಡನೆಯದು: 'ಕಬಕದ ಅಜ್ಜಿ ಹೇಳಿದ್ದು ಒಂದು, ಮನೆಯವಳು ಹೇಳಿದ್ದು ಇನ್ನೊಂದು. ಮನೆಯವಳದ್ದೇ ಸರಿ ಇರಬೇಕು. ಆದರೆ ಅವಳೆದುರು ಒಪ್ಪಿಕೊಳ್ಳುದು ಬೇಡ.'

ಅವನು ಗಟ್ಟಿಯಾಗಿ ನಕ್ಕುಬಿಟ್ಟ. ನನಗೂ ನಗು ಬಂತು. ಅಳುವೂ ಬಂತು, ತಡೆದುಕೊಳ್ಳಲಿಲ್ಲ.

ಮೂರನೆಯದು ತಿಮರೆಯ ಕೆಳಗಿತ್ತು. ಒಂದೆಲಗಕ್ಕೆ ನಮ್ಮಲ್ಲಿ ಹಾಗೆ ಹೇಳುವುದು. 'ತಂಬುಳಿಗೆ ಎಲೆ ಹಸಿಯಾ, ಬಾಡಿಸುದಾ? ಅವಳು ಬಂದ ಮೇಲೆ ಕೇಳಬೇಕು.'

ಕೇಳಿರಲಿಲ್ಲ. ನಾನು ಬಂದ ದಿನ ಮಾತಾಡಲು ಬೇರೆ ಏನೇನೋ ಇದ್ದಿರಬೇಕು.

"ಈ ಮೂರು ಪುಸ್ತಕಕ್ಕೆ ಬೇಡ ಅಲ್ವಾ ಅಕ್ಕಾ? ತೆಗಿಲಾ?"

"ಎಂತಕ್ಕೆ? ಇರಲಿ."

ಅವನು ಆ ಇನ್ನೊಂದು ಫಾಂಟಿನ ಹೆಸರು ಹಾಕಿ ಕೊನೆಯ ಸಲ ಓಡಿಸಿದ. ಮೂರು ತುಂಡು ಸಿಕ್ಕಿತು, ಮೂರೂ ಬದಲಾಯಿತು. ನಾನು ಕೀಬೋರ್ಡನ್ನು ಯುನಿಕೋಡಿಗೆ ಹಾಕಿಕೊಂಡು, ಅವರ ಪ್ರಶ್ನೆ ಮುಗಿದಲ್ಲಿ ಕರ್ಸರ್ ಇಟ್ಟು, 'ಹಸಿ. ಬಾಡಿಸಿದರೆ ಪರಿಮಳ ಹೋಗುತ್ತದೆ' ಎಂದು ಹೊಡೆದೆ. ಆಮೇಲೆ ಫೈಲನ್ನು ಮೇಡಂಗೆ ಕಳಿಸಿದೆ.