ಆಷಾಢ ಕಳೆಯಲಿ ಎಂದವಳು ನಾನೇ

ಎರಡು ವರ್ಷ ನಾನು ಆ ಬಿಲ್ಡರ್‌ನ ಕಚೇರಿಗೆ ಅಲೆದಿದ್ದೇನೆ. ಲಿಂಗರಾಜಪುರದ ನಮ್ಮ ಕಟ್ಟಡದಿಂದ ಪುಲಿಕೇಶಿನಗರದಲ್ಲಿದ್ದ ಅವನ ಕಚೇರಿಗೆ ಆಟೋದಲ್ಲಿ ಹತ್ತು ನಿಮಿಷ. ಹೋಗಿ ಕೂತ ಕೂಡಲೇ ಸುಲೈಮಾನಿ ಚಹಾ ಬರುತ್ತಿತ್ತು, ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ಕೆಲಸ ಮಾತ್ರ ಒಂದಿಂಚೂ ಕದಲುತ್ತಿರಲಿಲ್ಲ. ಚಹಾ ಕುಡಿಸಿ ಸಾಗಹಾಕುವುದರಲ್ಲಿ ಅವನಷ್ಟು ಪಳಗಿದವರನ್ನು ನಾನು ಕಂಡಿಲ್ಲ.

ನಾವು ಕೇಳುತ್ತಿದ್ದದ್ದು ಎರಡೇ. ಇಪ್ಪತ್ತೆರಡು ಮನೆ, ಎರಡು ಅಂಗಡಿಗಳ ಮಾಲೀಕರನ್ನು ಸೇರಿಸಿ ಒಂದು ಸಹಕಾರ ಸಂಘ ಮಾಡಿಕೊಡಬೇಕು. ಆಮೇಲೆ ಮೆಟ್ಟಿಲು, ಲಿಫ್ಟು, ಸಂಪು, ಹಿತ್ತಿಲಿನ ಖಾಲಿ ಜಾಗ ಇವನ್ನೆಲ್ಲ ಆ ಸಂಘದ ಹೆಸರಿಗೆ ನೋಂದಣಿ ಮಾಡಿಸಿಕೊಡಬೇಕು. ಆ ಪತ್ರಕ್ಕೆ ಕನ್ವೇಯನ್ಸ್ ಡೀಡ್ ಅನ್ನುತ್ತಾರೆ. ಎರಡೂ ಬಿಲ್ಡರ್ ಮಾಡಬೇಕಾದ ಕೆಲಸ, ನಮ್ಮ ಕ್ರಯಪತ್ರದಲ್ಲೂ ಹಾಗೇ ಬರೆದಿದೆ. ಮನೆ ನಮ್ಮದಾಗಿ ಎಷ್ಟೋ ಕಾಲವಾಗಿತ್ತು. ಹಿತ್ತಿಲು ಮಾತ್ರ ಕಾಗದದ ಮೇಲೆ ಇನ್ನೂ ಜಾಗದ ಮೂಲ ಮಾಲೀಕರದ್ದೇ.

ಆ ಹಿತ್ತಿಲಿಗಾಗಿಯೇ ನಾನು ಕಟ್ಟಡದ ತಾತ್ಕಾಲಿಕ ಸಮಿತಿಗೆ ಕಾರ್ಯದರ್ಶಿಯಾಗಲು ಒಪ್ಪಿದ್ದು. ಇಲ್ಲದಿದ್ದರೆ ಆ ತಲೆನೋವು ಯಾರಿಗೆ ಬೇಕಿತ್ತು! ನಮ್ಮದು ನೆಲಮಹಡಿಯ ಹಿಂದಿನ ಮನೆ. ಪಾರ್ಶ್ವವಾಯು ಹೊಡೆದ ಮೇಲೆ ನನ್ನ ಯಜಮಾನರು ಪ್ರತಿದಿನ ಬೆಳಿಗ್ಗೆ ಅಲ್ಲಿ ಕಾಂಪೌಂಡ್ ಗೋಡೆ ಹಿಡಿದು ನಡೆಯುತ್ತಿದ್ದರು. ರಸ್ತೆಗೆ ಇಳಿಯುವ ಹಾಗಿಲ್ಲ, ಫುಟ್‌ಪಾತಿನ ಮೇಲೆ ಬೈಕುಗಳೇ ಓಡಾಡುತ್ತವೆ. ಮೊದಮೊದಲು ನಾಲ್ಕು ಹೆಜ್ಜೆ, ಆಮೇಲೆ ಗೋಡೆಯ ಒಂದು ತುದಿಯವರೆಗೆ, ಕೊನೆಗೆ ಪೂರ್ತಿ ಸುತ್ತು. ಅವರು ಮನುಷ್ಯರಾಗಿ ಎದ್ದು ನಿಂತದ್ದು ಆ ಮಣ್ಣಿನ ಮೇಲೆ. ಬಿಲ್ಡರ್‌ಗೆ ಅಲ್ಲಿ ಇನ್ನೂ ಎಂಟು ಮನೆ ಕಾಣುತ್ತಿದ್ದವು.

"ಸಂಘ ಯಾಕೆ ಮೇಡಂ, ನಾನಿಲ್ವಾ?" ಎನ್ನುತ್ತಿದ್ದ. "ಲಿಫ್ಟ್ ಕೆಟ್ರೆ ಒಂದು ಫೋನ್ ಮಾಡಿ."

"ಲಿಫ್ಟ್ ಕೆಟ್ಟು ಮೂರು ವಾರ ಆಯ್ತು. ಫೋನ್ ಮಾಡಿ ಮಾಡಿ ಬೆರಳು ಸವೀತು," ಎಂದೆ ಒಮ್ಮೆ.

ನಕ್ಕ. ಇನ್ನೊಂದು ಚಹಾ ತರಿಸಿದ.

ಕೊನೆಗೆ ವಕೀಲೆಯೊಬ್ಬರನ್ನು ಹಿಡಿದು ನೋಟಿಸ್ ಕಳಿಸಿದೆವು. ನೋಟಿಸ್ ಕಂಡ ಮೇಲೆ ಮಹರಾಯ ಮೆತ್ತಗಾದ. ಸಂಘದ ಅರ್ಜಿಗೆ ಸಹಿ ಹಾಕಿದ, ಮಾಲೀಕರ ಪಟ್ಟಿ ಕೊಟ್ಟ, ಮಂಜೂರಾದ ನಕ್ಷೆಯ ಪ್ರತಿಯನ್ನೂ ಗೊಣಗುತ್ತಲೇ ಕೊಟ್ಟ. ಸಹಕಾರ ಇಲಾಖೆಯಿಂದ ನೋಂದಣಿ ಪತ್ರ ಬಂದ ದಿನ ಕೆಳಗಿನ ಬೇಕರಿಯವರು ಇಡೀ ಕಟ್ಟಡಕ್ಕೆ ದಿಲ್‌ಪಸಂದ್ ಹಂಚಿದರು. ಅರ್ಧ ಗೆದ್ದೆವು ಅಂದುಕೊಂಡೆ.

ಉಳಿದರ್ಧಕ್ಕೆ ತಾತನ ಸಹಿ ಬೇಕಿತ್ತು. ತಾತ ಎಂದರೆ ಜಾಗದ ಮೂಲ ಮಾಲೀಕರು. ಜಾಗ ಅವರದು, ಕಟ್ಟಿದ್ದು ಬಿಲ್ಡರ್, ಮನೆಗಳನ್ನು ಇಬ್ಬರೂ ಹಂಚಿಕೊಂಡಿದ್ದರು. ತಾತ ಎರಡನೇ ಮಹಡಿಯಲ್ಲಿ ಮಗಳ ಜೊತೆ ಇದ್ದರು. ಬಿಲ್ಡರ್ ಪಾಲಿಗೆ ಬಂದ ಮನೆಗಳನ್ನು ಮಾರಲಷ್ಟೇ ಅವನಿಗೆ ಅಧಿಕಾರ ಬರೆದುಕೊಟ್ಟಿದ್ದರು, ಹಿತ್ತಿಲಿಗಲ್ಲ. ಹಾಗಾಗಿ ಅವರೇ ಬಂದು ಹೆಬ್ಬೆಟ್ಟು ಒತ್ತಬೇಕು, ಫೋಟೊ ತೆಗೆಸಿಕೊಳ್ಳಬೇಕು ಎಂದು ವಕೀಲೆ ಹೇಳಿದ್ದರು.

ನಾನು ಹೆದರುತ್ತಲೇ ಕೇಳಲು ಹೋದೆ. ತಾತ ತಮಿಳು ಬೆರೆತ ಕನ್ನಡದಲ್ಲಿ, "ಅದ್ಕೇನಮ್ಮಾ, ಆ ಜಾಗ ನಿಮ್ದೇ ತಾನೇ? ಯಾವಾಗ ಅಂತ ಸೊಲ್ಲು, ಬರ್ತೀನಿ," ಎಂದುಬಿಟ್ಟರು. ನನಗೆ ಅಳುವೇ ಬಂತು.

ಕರಡು ಸಿದ್ಧವಾಯಿತು. ಹಲಸೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಿನ ಸಿಕ್ಕಿತು. ಬಿಲ್ಡರ್ ಕೂಡ ಬರುತ್ತೇನೆಂದ. ಎಲ್ಲ ಕೂಡಿಬಂದಿತ್ತು. ಪಂಚಾಂಗ ನೋಡಿದರೆ ಆ ದಿನ ಆಷಾಢದ ಮೊದಲ ವಾರ.

ಮೊದಲು ಮಾತೆತ್ತಿದ್ದು ಮೂರನೇ ಮಹಡಿಯವರು. "ಜಾಗದ ರಿಜಿಸ್ಟ್ರೇಷನ್ ಯಾರಾದ್ರೂ ಆಷಾಢದಲ್ಲಿ ಮಾಡಿಸ್ತಾರೇನ್ರೀ? ಇಷ್ಟು ದಿನ ಕಾದಿದ್ದೀವಿ, ಶ್ರಾವಣ ಬರ್ಲಿ." ಸಂಜೆಯೊಳಗೆ ವಾಟ್ಸಾಪ್ ಗುಂಪಿನಲ್ಲಿ ಎಲ್ಲರದೂ ಅದೇ ರಾಗ. ಅವರ ಮೇಲೆ ಹೊರಿಸಿ ನಾನು ಜಾರಿಕೊಳ್ಳಲಾರೆ. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಯಜಮಾನರು ಕಾಯಿಲೆ ಬಿದ್ದದ್ದು ಒಂದು ಆಷಾಢದಲ್ಲೇ. ಆ ತಿಂಗಳಲ್ಲಿ ಹೊಸದೊಂದು ಕೆಲಸಕ್ಕೆ ಕೈಹಾಕಲು ನನಗೇ ಧೈರ್ಯವಿರಲಿಲ್ಲ.

ವಕೀಲೆ ಬೈದರು. "ಅವನು ಒಪ್ಪಿರೋವಾಗ ಮುಗಿಸ್ಕೊಳ್ಳಿ ಮೇಡಂ. ನಾಳೆ ಏನಾಗುತ್ತೋ." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಶ್ರಾವಣದ ಮೊದಲ ಶುಕ್ರವಾರಕ್ಕೆ ಗೊತ್ತುಮಾಡಿ, ಬಿಲ್ಡರ್‌ಗೆ ನಾನೇ ಫೋನ್ ಮಾಡಿದೆ.

"ಆಯ್ತು ಮೇಡಂ, ನಿಮ್ಮಿಷ್ಟ," ಎಂದ. ಅಷ್ಟು ಬೇಗ ಅವನು ನನ್ನ ಯಾವ ಮಾತನ್ನೂ ಒಪ್ಪಿರಲಿಲ್ಲ.

ತಾತನಿಗೂ ಹೋಗಿ ಹೇಳಿದೆ. "ನಮ್ಮಲ್ಲೂ ಆಡಿ ತಿಂಗ್ಳು ಅಂತಾರೆ. ಆದ್ರೆ ತಗೊಳ್ಳೋದಕ್ಕೆ ನಾಳು ನಕ್ಷತ್ರ ನೋಡ್ಬೇಕು, ಕೊಡೋದಕ್ಕೆ ಏನಮ್ಮಾ?" ಎಂದರು. ಆಮೇಲೆ ಅವರೇ, "ಸರಿ, ನಿನಗೆ ಹೇಗೆ ಸಮಾಧಾನವೋ ಹಾಗೆ," ಎಂದರು.

ಆಷಾಢ ಮುಗಿಯಲು ಆರು ದಿನ ಇರುವಾಗ ತಾತ ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ.

ಈಗ ಅವರ ಜಾಗದಲ್ಲಿ ಮೂವರು ವಾರಸುದಾರರು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮೂವರೂ ಸಹಿ ಹಾಕಬೇಕು. ಮಗಳು ಸಿದ್ಧ. ದೊಡ್ಡವನು ತಮ್ಮನನ್ನು ಕೇಳಿ ಎನ್ನುತ್ತಾನೆ. ಕೆ.ಆರ್. ಪುರದಲ್ಲಿರುವ ಆ ತಮ್ಮ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ಅಪ್ಪ ಬಾಯಲ್ಲಿ ಹೇಳಿದ್ದಕ್ಕೆಲ್ಲ ನಾವು ಸಹಿ ಹಾಕೋಕಾಗುತ್ತಾ ಮೇಡಂ? ಅಲ್ಲಿ ಕಟ್ಟೋಣ ಅಂತ ಮಾತಾಗಿದೆ," ಎಂದ. ಯಾರ ಜೊತೆ ಮಾತಾಗಿದೆ ಎಂದು ಕೇಳುವ ಅಗತ್ಯವಿರಲಿಲ್ಲ.

ಬಿಲ್ಡರ್ ಕಚೇರಿಗೆ ಹೋಗಿ ಮೊದಲ ಸಲ ಕೂಗಾಡಿದೆ. ಅವನು ಎಂದಿನಂತೆ ಮೆಲ್ಲಗೆ, "ನಾನು ರೆಡಿ ಇದ್ದೆ ಮೇಡಂ. ಬೇಡ ಅಂದೋರು ಯಾರು, ನೀವೇ ಹೇಳಿ," ಎಂದ. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಎದ್ದು ಬಂದೆ.

ಕ್ರಯಪತ್ರದಲ್ಲಿ ತಂದೆ ಒಪ್ಪಿಕೊಂಡದ್ದಕ್ಕೆ ಮಕ್ಕಳೂ ಬದ್ಧರು, ದಾವೆ ಹೂಡೋಣ ಎಂದಿದ್ದಾರೆ ವಕೀಲೆ. ಹೂಡಿದ್ದೇವೆ. ವರ್ಷಗಳೇ ಹಿಡಿಯಬಹುದು ಎಂದು ಅವರೇ ಹೇಳಿದ್ದಾರೆ. ಹಿತ್ತಿಲಿಗೆ ತಗಡಿನ ಬೇಲಿ ಬಂದಿದೆ. ಯಜಮಾನರು ಈಗ ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ನಡೆಯುತ್ತಾರೆ. ತಿರುಗುವಾಗ ಸೋಫಾಗೆ ಕಾಲು ತಾಗುತ್ತದೆ. ಈಚೆಗೆ ದಿನಬಿಟ್ಟು ದಿನ ನಡೆಯುತ್ತಾರೆ. ನನಗೆ ಒಂದು ಮಾತೂ ಅಂದಿಲ್ಲ. ಅಂದಿದ್ದರೆ ವಾಸಿಯಿತ್ತು.

ಮೊನ್ನೆ ಲಿಫ್ಟಿನ ಹತ್ತಿರ ತಾತನ ಮಗಳು ಸಿಕ್ಕಳು. ತಮ್ಮನ ಮಾತಿಗೆ ಕ್ಷಮೆ ಕೇಳಿದಳು. ನಿನ್ನದೇನು ತಪ್ಪಮ್ಮ ಎಂದೆ. ಹೋಗುತ್ತಾ ಹೋಗುತ್ತಾ ತಿರುಗಿ, ಕೇಳಲೋ ಬೇಡವೋ ಎಂಬಂತೆ ನಿಂತಳು.

"ಅಕ್ಕಾ, ಮೊದ್ಲು ಹೋಗ್ಬೇಕು ಅಂತಿತ್ತಲ್ಲ, ಆ ದಿನ. ನೀವು ಬಂದು ಮುಂದಕ್ಕೆ ಹೋಯ್ತು ಅಂದಿದ್ರೂ ಅಪ್ಪ ಬೆಳಿಗ್ಗೆನೇ ಷೇವ್ ಮಾಡ್ಕೊಂಡು, ಇಸ್ತ್ರಿ ಷರ್ಟ್ ಹಾಕ್ಕೊಂಡು, ಆಧಾರ್ ಜೇಬಲ್ಲಿಟ್ಕೊಂಡು ಕೂತಿದ್ರು. ಮಧ್ಯಾಹ್ನದವರೆಗೂ ಕೂತಿದ್ರು. ಕೆಳಗಿನ ಮನೆ ಅಮ್ಮ ಮನಸ್ಸು ಬದಲಾಯಿಸಿ ಬಂದ್ರೂ ಬರ್ಬೋದು ಅಂತಿದ್ರು. ನಾನು ನಿಮ್ಮನ್ನ ಕರೀಲಿಲ್ಲ ಅಕ್ಕಾ. ಕರೀಬೇಕಿತ್ತಾ?"